ಅಮ್ಮಮ್ಮನಿಗೆ ಬರೆದ ಕಾಗದ, ಗುರುವಾರದ ನಾಲ್ಕು ಗಂಟೆ

ಗಂಡನನ್ನು ಕಳೆದುಕೊಂಡು ಊರಿನ ಮನೆಯಲ್ಲಿ ಒಬ್ಬಳೇ ಉಳಿದ ಅಜ್ಜಿಗೆ ದೂರದ ಮೊಮ್ಮಗಳು ಬರೆಯುವ ಕಾಗದದಲ್ಲಿ ಬಹುಮಟ್ಟಿಗೆ ಒಂದೇ ಮಾತು ಇರುತ್ತದೆ: ಮನೆಯೊಳಗೇ ಕುಳಿತಿರಬೇಡ, ನಾಲ್ಕು ಜನರ ಜೊತೆ ಬೆರೆ. ಈ ಮಾತಿನ ಹಿಂದಿರುವ ಅಕ್ಕರೆಯನ್ನು ಯಾರೂ ಶಂಕಿಸಲಾರರಾದರೂ ಇದನ್ನು ಓದಿ ಸೀರೆ ಬದಲಿಸಿ ಹೊರಟ ಅಜ್ಜಿಯರು ವಿರಳ, ಏಕೆಂದರೆ ‘ನಾಲ್ಕು ಜನ’ ಎಂಬುದು ಯಾರ ಹೆಸರನ್ನೂ ಹೇಳದ, ಯಾವ ಜಾಗವನ್ನೂ ತೋರಿಸದ, ಯಾವ ಹೊತ್ತನ್ನೂ ಗೊತ್ತುಮಾಡದ ಮಾತು. ಅದಕ್ಕಿಂತ ದೊಡ್ಡ ತೊಡಕೆಂದರೆ, ಕನ್ನಡದಲ್ಲಿ ಇದೇ ‘ನಾಲ್ಕು ಜನ’ ಇನ್ನೊಂದು ವಾಕ್ಯದಲ್ಲಿಯೂ ಬರುತ್ತಾರೆ; ನಾಲ್ಕು ಜನ ಏನೆಂದಾರು ಎಂಬ ಅಳುಕಿನಲ್ಲಿ ಬಾಳಿದ ಹೆಂಗಸಿಗೆ, ಗಂಡ ಹೋದ ಮೇಲೆ ಆ ನಾಲ್ವರ ನಡುವೆ ಹೋಗಿ ಕೂರು ಎಂದರೆ ಅದು ಆಹ್ವಾನಕ್ಕಿಂತ ಪರೀಕ್ಷೆಯಾಗಿಯೇ ಕೇಳಿಸುತ್ತದೆ.

ಇಂಥ ಕಾಗದ ಕೆಲಸ ಮಾಡಬೇಕಾದರೆ ಅದು ಯಾವ ಕೊರತೆಯನ್ನು ತುಂಬಲು ಹೊರಟಿದೆ ಎಂಬುದು ಮೊದಲು ಬರೆಯುವವಳಿಗೆ ತಿಳಿದಿರಬೇಕು. ಒಬ್ಬಳೇ ಇರುವುದು ಬೇರೆ, ಒಂಟಿತನ ಬೇರೆ; ಮೊದಲನೆಯದು ಮನೆಯಲ್ಲಿ ಎಷ್ಟು ಮಂದಿ ಇದ್ದಾರೆಂಬ ಲೆಕ್ಕ, ಎರಡನೆಯದು ಬೇಕಾದ ಸಂಬಂಧಕ್ಕೂ ಇರುವ ಸಂಬಂಧಕ್ಕೂ ನಡುವೆ ಬಿದ್ದ ಅಂತರದ ನೋವು. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನೋವನ್ನು ಮತ್ತೆ ಎರಡಾಗಿ ಒಡೆದು ತೋರಿಸಿದರು. ಜೀವಕ್ಕೆ ಅಂಟಿಕೊಂಡಿದ್ದ ಒಬ್ಬ ವ್ಯಕ್ತಿ ಇಲ್ಲವಾದಾಗ ಹುಟ್ಟುವುದು ಭಾವಾತ್ಮಕ ಒಂಟಿತನ. ಒಟ್ಟಿಗೆ ಕೆಲಸ ಮಾಡುವ, ಸುದ್ದಿ ಹಂಚಿಕೊಳ್ಳುವ, ಬಾರದಿದ್ದರೆ ಏಕೆ ಬರಲಿಲ್ಲವೆಂದು ಕೇಳುವ ಬಳಗ ಇಲ್ಲವಾದಾಗ ಹುಟ್ಟುವುದು ಸಾಮಾಜಿಕ ಒಂಟಿತನ. ವೈಸ್ ಒತ್ತಿ ಹೇಳಿದ ಸಂಗತಿಯೆಂದರೆ, ಇವೆರಡರಲ್ಲಿ ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಐವತ್ತು ವರ್ಷ ಪಕ್ಕದಲ್ಲಿದ್ದ ಗಂಡ ಇಲ್ಲವಾದ ಜಾಗವನ್ನು ಯಾವ ಮಹಿಳಾ ಮಂಡಳಿಯೂ ತುಂಬಲಾರದು. ಹಾಗೆಯೇ, ಗಂಡನ ನೆನಪು ಎಷ್ಟೇ ಗಾಢವಾಗಿದ್ದರೂ ವಾರವಿಡೀ ಯಾರೊಡನೆಯೂ ಮಾತಿಲ್ಲದ ಮಧ್ಯಾಹ್ನಗಳನ್ನು ಅದು ಹಗುರ ಮಾಡಲಾರದು.

ಹೀಗಾಗಿ ಮೊಮ್ಮಗಳ ಕಾಗದ ಎರಡನೆಯ ಕೊರತೆಯ ಬಗ್ಗೆ ಮಾತ್ರ ಮಾತಾಡುವ ಅಧಿಕಾರ ಪಡೆದಿದೆ. ಭಜನೆಗೆ ಹೋದರೆ ಅಜ್ಜನ ನೆನಪು ಮರೆಯುತ್ತದೆ ಎಂದು ಬರೆದರೆ ಅಜ್ಜಿಗೆ ಅದು ಸುಳ್ಳೆಂದು ತಕ್ಷಣ ತಿಳಿಯುತ್ತದೆ, ಸುಳ್ಳಲ್ಲದಿದ್ದರೆ ದ್ರೋಹವೆಂದು ಅನಿಸುತ್ತದೆ. ಎರಡೂ ಬಗೆಯಲ್ಲಿ ಆಕೆ ಮನೆಯಲ್ಲಿಯೇ ಉಳಿಯುತ್ತಾಳೆ.

ಗಂಡನನ್ನು ಕಳೆದುಕೊಂಡವರನ್ನು ಕಾಗದದ ಮೂಲಕವೇ ತಲುಪಿದ ಒಂದು ಪ್ರಸಿದ್ಧ ಪ್ರಯೋಗವಿದೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಫಿಲಿಸ್ ಸಿಲ್ವರ್‌ಮನ್ ಎಂಬ ಸಮಾಜಸೇವಾ ತಜ್ಞೆ 1967ರಲ್ಲಿ ಆರಂಭಿಸಿದ ಆ ಯೋಜನೆಯ ಹೆಸರು ‘ವಿಧವೆಯಿಂದ ವಿಧವೆಗೆ’ ಎಂಬ ಅರ್ಥದ್ದು. ಗಂಡ ತೀರಿಕೊಂಡ ಹೆಂಗಸರು ಆಸ್ಪತ್ರೆಗಾಗಲಿ ಆಪ್ತಸಮಾಲೋಚನೆಗಾಗಲಿ ತಾವಾಗಿ ಬರುವುದಿಲ್ಲ, ಬಂದರೂ ತಮ್ಮ ದುಃಖವನ್ನು ಕಾಯಿಲೆಯೆಂದು ಒಪ್ಪುವುದಿಲ್ಲ ಎಂಬುದನ್ನು ಗಮನಿಸಿದ ಸಿಲ್ವರ್‌ಮನ್, ಅದೇ ದಾರಿಯನ್ನು ಹಿಂದೆ ದಾಟಿ ಬಂದಿದ್ದ ಕೆಲವು ವಿಧವೆಯರನ್ನೇ ಸಹಾಯಕಿಯರನ್ನಾಗಿ ಆರಿಸಿಕೊಂಡರು. ಸಹಾಯಕಿಯು ಹೊಸದಾಗಿ ಗಂಡನನ್ನು ಕಳೆದುಕೊಂಡವಳಿಗೆ ಒಂದು ಕಾಗದ ಬರೆಯುತ್ತಿದ್ದಳು. ಆ ಕಾಗದದಲ್ಲಿ ತಾನೂ ವಿಧವೆಯೆಂಬ ಸಂಗತಿ ಇರುತ್ತಿತ್ತು, ಇಂಥ ದಿನ ಇಂಥ ಹೊತ್ತಿಗೆ ಮನೆಗೆ ಬರುತ್ತೇನೆಂಬ ಮಾತು ಇರುತ್ತಿತ್ತು, ಬೇಡವಾದರೆ ತಿಳಿಸಬಹುದೆಂಬ ಅವಕಾಶವೂ ಇರುತ್ತಿತ್ತು. ಈ ಕ್ರಮದ ಜಾಣ್ಮೆಯಿರುವುದು ಭಾರವನ್ನು ಎತ್ತಿ ಬೇರೆ ಕಡೆ ಇಟ್ಟದ್ದರಲ್ಲಿ. ‘ಬೇಕಾದರೆ ಹೇಳಿ, ಬರುತ್ತೇವೆ’ ಎಂದಾಗ ಬೇಕೆಂದು ಕೇಳುವ ಶ್ರಮವೆಲ್ಲ ದುಃಖಿತಳ ಮೇಲೆ ಬೀಳುತ್ತದೆ. ‘ಬರುತ್ತೇವೆ, ಬೇಡವಾದರೆ ಹೇಳಿ’ ಎಂದಾಗ ಆಕೆ ಏನನ್ನೂ ಮಾಡದೆ ಸುಮ್ಮನಿದ್ದರೂ ಬಾಗಿಲು ತೆರೆಯುತ್ತದೆ. ಜರ್ಮನಿಯಲ್ಲಿ ಹುಟ್ಟಿದ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಮುಂದೆ ನಡೆಸಿದ ಅಧ್ಯಯನಗಳೂ ಇದಕ್ಕೆ ಹೊಂದುವ ಮಾತನ್ನೇ ಹೇಳುತ್ತವೆ: ಒಂದು ಕೆಲಸ ಮಾಡಬೇಕೆಂಬ ಬಯಕೆಗಿಂತ, ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ಗೊತ್ತುಮಾಡಿಕೊಂಡ ಸಂಕಲ್ಪವು ಕೈಗೂಡುವ ಸಂಭವ ಹೆಚ್ಚು.

ಈ ಎಲ್ಲವನ್ನೂ ಒಂದು ನಿರ್ದಿಷ್ಟ ಕಾಗದದಲ್ಲಿ ಇಟ್ಟು ನೋಡುವುದಕ್ಕಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಶಿವಮೊಗ್ಗ ಜಿಲ್ಲೆಯ ಸಾಗರದ ಅಂಚಿನ ಒಂದು ಮನೆಯಲ್ಲಿ 74 ವರ್ಷದ ಅಜ್ಜಿ ಇದ್ದಾಳೆ, ಶಾಲಾ ಮಾಸ್ತರರಾಗಿದ್ದ ಗಂಡ ತೀರಿಕೊಂಡು ಒಂದೂವರೆ ವರ್ಷವಾಗಿದೆ, ಮಗಳು ಹುಬ್ಬಳ್ಳಿಯಲ್ಲಿದ್ದಾಳೆ, ಆ ಮಗಳ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ತಾಯಿಯ ತಾಯಿಯನ್ನು ಆ ಮೊಮ್ಮಗಳು ಅಮ್ಮಮ್ಮ ಎಂದು ಕರೆಯುತ್ತಾಳೆ, ನೀನು ಎಂದೇ ಮಾತಾಡುತ್ತಾಳೆ. ವಾರಕ್ಕೆರಡು ಸಲ ಫೋನು ಮಾಡುವ ಅವಳಿಗೆ ಕೆಲವು ಬದಲಾವಣೆಗಳು ಕಿವಿಗೆ ಬಿದ್ದಿವೆ. ಬೆಳಿಗ್ಗೆ ಮಾಡಿದ ಅನ್ನವೇ ರಾತ್ರಿಗೂ ಸಾಕಾಗುತ್ತಿದೆ, ಒಬ್ಬಳಿಗೆಂದು ಏನು ಮಾಡುವುದು ಎಂಬ ಮಾತು ಮತ್ತೆ ಮತ್ತೆ ಬರುತ್ತಿದೆ, ಪೇಪರು ನಿಲ್ಲಿಸಿಯಾಗಿದೆ, ಊರಿನ ಸುದ್ದಿಯೆಂದು ಹೇಳುವುದೆಲ್ಲ ಟಿವಿಯಲ್ಲಿ ಬಂದದ್ದೇ ಆಗಿದೆ. ಕೊನೆಯದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಮಾತಿನಲ್ಲಿ ನೆರೆಹೊರೆಯವರ ಹೆಸರುಗಳು ಕಡಿಮೆಯಾಗುತ್ತ ಬರುವುದು ಬಳಗ ಕರಗುತ್ತಿರುವುದರ ನಂಬಬಹುದಾದ ಗುರುತು.

ಹೀಗೆ ಗಮನಿಸಿದವಳು ಕಾಗದ ಬರೆಯುವ ಮೊದಲು ಹೊತ್ತು ಸರಿಯೇ ಎಂದು ನೋಡಬೇಕಾಗುತ್ತದೆ. ಮೊದಲ ವರ್ಷದಲ್ಲಿ, ಎಂದರೆ ವರ್ಷಾಂತಿಕ ಮುಗಿಯುವವರೆಗೆ, ಅನೇಕ ಮನೆಗಳಲ್ಲಿ ಹಬ್ಬಗಳಿರುವುದಿಲ್ಲ, ಮಂಗಳಕಾರ್ಯಗಳಿಗೆ ಹೋಗುವುದಿಲ್ಲ. ಆಗ ಬೆರೆಯಲು ಹೇಳುವ ಕಾಗದವು ಸಂಪ್ರದಾಯದ ಎದುರಿಗೂ ದುಃಖದ ಎದುರಿಗೂ ನಿಂತು ಸೋಲುತ್ತದೆ. ಹದಿಮೂರು ದಿನ ಮನೆ ತುಂಬ ಜನವಿದ್ದು ಆಮೇಲೆ ಒಮ್ಮೆಲೇ ಖಾಲಿಯಾಗುವುದು ಎಲ್ಲರಿಗೂ ತಿಳಿದ ಸಂಗತಿಯಾದರೂ, ಜನ ನಿಜವಾಗಿ ಬೇಕಾಗುವುದು ಅನೇಕರಿಗೆ ಎರಡನೆಯ ವರ್ಷದಲ್ಲಿ, ವರ್ಷಾಂತಿಕಕ್ಕೆ ಬಂದವರೂ ಕೈತೊಳೆದುಕೊಂಡು ಹೋದ ಮೇಲೆ. ಮಲೆನಾಡಿನಲ್ಲಿ ಇದಕ್ಕೆ ಮಳೆಯ ಲೆಕ್ಕವನ್ನೂ ಸೇರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿಗಟ್ಟಿದ ಅಂಗಳ ದಾಟುವುದೇ ಆ ವಯಸ್ಸಿಗೆ ಅಪಾಯವಾಗಿರುವಾಗ ಹೊರಗೆ ಹೋಗೆಂದು ಬರೆಯುವವಳು ಬೆಂಗಳೂರಿನಲ್ಲಿ ಕುಳಿತೇ ಬರೆದಳೆಂದು ಅಜ್ಜಿಗೆ ಗೊತ್ತಾಗಿಬಿಡುತ್ತದೆ. ಆದ್ದರಿಂದ ಈ ಕಾಗದ ದಸರಾ ಕಳೆದ ಮೇಲಿನದು.

ಫೋನಿದ್ದಾಗಲೂ ಕಾಗದವೇಕೆ ಎಂಬ ಪ್ರಶ್ನೆಗೆ ಉತ್ತರ ಭಾವುಕವಾದುದಲ್ಲ. ಫೋನಿನಲ್ಲಿ ಬಂದ ಸಲಹೆಗೆ ಆ ಕ್ಷಣವೇ ಉತ್ತರ ಕೊಡಬೇಕಾಗುತ್ತದೆ, ಸಿದ್ಧವಿಲ್ಲದ ಮನಸ್ಸಿನ ಮೊದಲ ಉತ್ತರ ಬೇಡವೆಂಬುದೇ ಆಗಿರುತ್ತದೆ, ಒಮ್ಮೆ ಬೇಡವೆಂದವಳು ಆಮೇಲೆ ಹೂಂ ಎನ್ನಬೇಕಾದರೆ ಮಾತು ಬದಲಿಸಿದ ಮುಜುಗರವನ್ನೂ ಹೊರಬೇಕಾಗುತ್ತದೆ. ಕಾಗದ ಉತ್ತರವನ್ನು ತಕ್ಷಣ ಕೇಳುವುದಿಲ್ಲ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ದೇವರ ಗೂಡಿನಲ್ಲಿಟ್ಟು, ಮರುದಿನ ಮತ್ತೆ ತೆಗೆದು ನೋಡಬಹುದು. ಅಷ್ಟೇ ಅಲ್ಲದೆ ಕಿವಿ ಮಂದವಾದವರಿಗೆ ಫೋನಿನಲ್ಲಿ ಅರ್ಧ ಮಾತು ತಪ್ಪಿಹೋಗುತ್ತದೆ. ಅಕ್ಷರಗಳು ದೊಡ್ಡದಾಗಿ, ಸಾಲುಗಳ ನಡುವೆ ಜಾಗ ಬಿಟ್ಟು, ಕಪ್ಪು ಶಾಯಿಯಲ್ಲಿರಬೇಕು, ಏಕೆಂದರೆ ಕಣ್ಣಿನ ಪೊರೆ ಬಲಿಯುತ್ತಿರುವವರಿಗೆ ತಿಳಿನೀಲಿ ಕಾಗದದ ಮೇಲಿನ ನೀಲಿ ಅಕ್ಷರ ಮಸುಕಾಗಿ ಕಾಣುತ್ತದೆ. ಆ ಕಾರಣಕ್ಕೂ, ಒಳಗೆ ಬೇರೇನನ್ನೂ ಇಡುವಂತಿಲ್ಲವೆಂಬ ನಿಯಮದ ಕಾರಣಕ್ಕೂ ಇನ್‌ಲ್ಯಾಂಡ್ ಲೆಟರ್‌ಗಿಂತ ಬಿಳಿ ಹಾಳೆಯನ್ನಿಟ್ಟ ಲಕೋಟೆ ಒಳ್ಳೆಯದು. ಮೊಮ್ಮಗಳ ವಿಳಾಸವನ್ನು ಮೊದಲೇ ಬರೆದ ಒಂದು ಪೋಸ್ಟ್ ಕಾರ್ಡನ್ನು ಅದರೊಳಗೆ ಇಡಲು ಸಾಧ್ಯವಾಗುತ್ತದೆ.

ಮೊಮ್ಮಗಳೇ ಬರೆಯುವುದರಲ್ಲಿಯೂ ಒಂದು ಅನುಕೂಲವಿದೆ. ಮಗಳೋ ಮಗನೋ ಒಬ್ಬಳೇ ಇರಬೇಡ ಎಂದಾಗ ಅದರ ಬೆನ್ನಿಗೆ ಇಲ್ಲಿಗೆ ಬಂದುಬಿಡು ಎಂಬ ಮಾತೂ, ಆ ಮಾತಿನ ಬೆನ್ನಿಗೆ ಮನೆ ಮತ್ತು ತೋಟದ ಗತಿಯೇನೆಂಬ ಪ್ರಶ್ನೆಯೂ ನಿಂತಿರುತ್ತವೆ. ಮೊಮ್ಮಗಳ ಮಾತಿಗೆ ಆ ನೆರಳಿಲ್ಲ. ಕಾನೂನಿನ ಮಟ್ಟಿಗೆ ಹೇಳುವುದಾದರೆ, ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಗೆಂದು 2007ರಲ್ಲಿ ಬಂದ ಕೇಂದ್ರದ ಕಾಯ್ದೆಯು ‘ಮಕ್ಕಳು’ ಎಂಬ ಪದದ ವ್ಯಾಖ್ಯೆಯಲ್ಲಿ ವಯಸ್ಕ ಮೊಮ್ಮಗ ಮೊಮ್ಮಗಳನ್ನೂ ಸೇರಿಸಿದೆ. ಆದರೆ ಪೋಷಣೆಯೆಂದರೆ ಊಟ, ಬಟ್ಟೆ, ವಸತಿ, ಔಷಧೋಪಚಾರ ಎಂದು ಅದು ಎಣಿಸಿದ ಪಟ್ಟಿಯಲ್ಲಿ ಜೊತೆಗಾರಿಕೆ ಇಲ್ಲ, ಇರಲು ಸಾಧ್ಯವೂ ಇಲ್ಲ.

ಇನ್ನು ಯಾರ ಜೊತೆ ಸೇರಬೇಕೆಂಬ ವಿಷಯ. ಇದನ್ನು ಮೇಲ್ನೋಟದಲ್ಲಿಯೇ ನಿರ್ಧರಿಸಿದ ಕಾಗದಗಳೇ ಹೆಚ್ಚಾಗಿ ಕೆಡುವುದು. ಊರಿನ ಹೆಂಗಸರ ಗುಂಪುಗಳೆಲ್ಲ ಹೊರಗಿನಿಂದ ಒಂದೇ ಬಗೆಯಾಗಿ ಕಂಡರೂ ಗಂಡನಿಲ್ಲದವಳಿಗೆ ಅವು ಒಂದೇ ಅಲ್ಲ. ಲಲಿತಾ ಸಹಸ್ರನಾಮದ ಪಾರಾಯಣಕ್ಕೋ ಶುಕ್ರವಾರದ ಪೂಜೆಗೋ ಸೇರುವ ಗುಂಪುಗಳಲ್ಲಿ ಕೊನೆಗೆ ಅರಿಸಿನ ಕುಂಕುಮ ಕೊಡುವ ಪದ್ಧತಿ ಸಾಮಾನ್ಯ. ಎರಡು ಗಂಟೆ ಎಲ್ಲರ ದನಿಗೆ ದನಿಗೂಡಿಸಿದವಳ ಮುಂದೆ ಆ ತಟ್ಟೆ ಬಂದಾಗ ಒಂದು ಕ್ಷಣ ತಡೆದು ಪಕ್ಕದವಳ ಕಡೆಗೆ ತಿರುಗುತ್ತದೆ, ಯಾರೂ ಏನೂ ಹೇಳುವುದಿಲ್ಲ, ಮುಂದಿನ ವಾರ ಆಕೆ ಮೊಣಕಾಲು ನೋವೆಂದು ಮನೆಯಲ್ಲಿ ಉಳಿಯುತ್ತಾಳೆ. ಎಲ್ಲರಿಗೂ ಸಮನಾಗಿ ಕುಂಕುಮ ಕೊಡುವ ಗುಂಪುಗಳು ಈಗ ಇವೆ, ಅವು ಹೆಚ್ಚಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ 74ರ ಅಜ್ಜಿಯನ್ನು ಆ ಸುಧಾರಣೆಯ ಮುಂದಾಳಾಗಿ ಕಳುಹಿಸುವ ಹಕ್ಕು ಮೊಮ್ಮಗಳಿಗಿಲ್ಲ. ತಟ್ಟೆಯ ಪ್ರಶ್ನೆಯೇ ಏಳದ ಭಜನಾ ಮಂಡಳಿ, ದೇವಸ್ಥಾನಕ್ಕೆ ಹೂ ಕಟ್ಟುವ ಅಥವಾ ಹೂಬತ್ತಿ ಹೊಸೆಯುವ ಕೂಟ, ಗಮಕ ವಾಚನ, ಸ್ವಸಹಾಯ ಸಂಘದ ವಾರದ ಸಭೆ ಇವುಗಳಲ್ಲಿ ಒಂದನ್ನು ಆರಿಸುವುದು ವಿವೇಕ.

ಹೊಸ ಪರಿಚಯಗಳಿಗಿಂತ ಹಳೆಯ ಮುಖಗಳಿರುವ ಕೂಟ ಮೇಲು ಎಂಬುದಕ್ಕೆ ಶಾಸ್ತ್ರದ ಆಧಾರವೂ ಇದೆ. ಮುಂದಿರುವ ಕಾಲ ಕಿರಿದೆಂದು ಅರಿವಾದಂತೆ ಮನುಷ್ಯರು ಹೊಸ ಜನರನ್ನು ಹುಡುಕುವುದನ್ನು ಬಿಟ್ಟು ಅರ್ಥಪೂರ್ಣವಾದ ಕೆಲವೇ ಸಂಬಂಧಗಳ ಕಡೆ ಒಲಿಯುತ್ತಾರೆ ಎಂದು ಅಮೆರಿಕದ ಮನೋವಿಜ್ಞಾನಿ ಲಾರಾ ಕಾರ್ಸ್ಟೆನ್ಸನ್ ತೋರಿಸಿದ್ದಾರೆ. ಅಜ್ಜಿ ಹೊಸಬರಿಗೆ ಮುಖ ಕೊಡುವುದಿಲ್ಲವೆಂದರೆ ಅದು ಹಟವೂ ಅಲ್ಲ, ಅಹಂಕಾರವೂ ಅಲ್ಲ. ಹಾಗಾಗಿ ಕಲ್ಪನೆಯ ಈ ಮೊಮ್ಮಗಳು ಹುಡುಕಿದ್ದು ಅರ್ಧ ಕಿಲೋಮೀಟರ್ ದೂರದ ದೇವಸ್ಥಾನದ ಸಭಾಂಗಣದಲ್ಲಿ ಪ್ರತಿ ಗುರುವಾರ ನಾಲ್ಕರಿಂದ ಐದೂವರೆಯವರೆಗೆ ನಡೆಯುವ ಭಜನಾ ಮಂಡಳಿಯನ್ನು, ಅದರಲ್ಲಿಯೂ ಅಲ್ಲಿಗೆ ಹೋಗುವ ಹಿಂದಿನ ಬೀದಿಯ ಒಬ್ಬ ಹೆಂಗಸನ್ನು. ಆಕೆಯೂ ಆರು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡವಳು, ಮೊದಲು ಅಜ್ಜಿಯ ಮನೆಗೆ ಕರಿಬೇವಿಗೆ ಬಂದು ಹೋಗುತ್ತಿದ್ದವಳು.

ಕಾಗದಕ್ಕೆ ಕೂರುವ ಮುನ್ನ ಮೊಮ್ಮಗಳು ಆ ಹೆಂಗಸಿಗೆ ಫೋನು ಮಾಡಿ ಕೇಳಿದ ಪ್ರಶ್ನೆಗಳು ಅಡುಗೆಮನೆಯಷ್ಟು ಸಾಧಾರಣವಾದವು, ಆದರೆ ಕಾಗದದ ಜೀವ ಇರುವುದು ಅವುಗಳಲ್ಲಿಯೇ. ನೆಲದ ಮೇಲೆ ಜಮಖಾನೆಯೇ, ಕುರ್ಚಿ ಇದೆಯೇ. ಇದ್ದರೆ ಕುರ್ಚಿಯಲ್ಲಿ ಕೂರುವವರು ಇನ್ನೂ ಯಾರಾದರೂ ಇದ್ದಾರೆಯೇ, ಏಕೆಂದರೆ ಎಲ್ಲರೂ ನೆಲದ ಮೇಲಿರುವಾಗ ಒಬ್ಬಳೇ ಎತ್ತರದಲ್ಲಿ ಕೂರಲು ಯಾವ ಅಜ್ಜಿಯೂ ಒಪ್ಪುವುದಿಲ್ಲ. ಕೂತು ಏಳಬಹುದಾದ ಶೌಚಾಲಯ ಹತ್ತಿರದಲ್ಲಿದೆಯೇ. ಹೊರಗೆ ಬರಲು ಒಪ್ಪದ ಎಷ್ಟೋ ಹಿರಿಯ ಹೆಂಗಸರ ನಿಜವಾದ ಕಾರಣ ಮೂತ್ರ ತಡೆಯಲಾರದ ಭಯವಾಗಿರುತ್ತದೆ, ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ರಕ್ತದೊತ್ತಡಕ್ಕೆಂದು ಬೆಳಿಗ್ಗೆ ನುಂಗುವ ನೀರಿನ ಮಾತ್ರೆ, ಎಂದರೆ ದೇಹದ ಹೆಚ್ಚಿನ ನೀರನ್ನು ಮೂತ್ರವಾಗಿ ಹೊರಹಾಕಿಸುವ ಔಷಧಿ, ಮೊದಲ ಕೆಲವು ಗಂಟೆಗಳಲ್ಲಿಯೇ ಹೆಚ್ಚು ಕಾಡುವುದರಿಂದ ಬೆಳಗಿನ ಕಾರ್ಯಕ್ರಮಕ್ಕಿಂತ ಇಳಿಹೊತ್ತಿನದು ಆಕೆಗೆ ಸಲೀಸು. ಹೊರಗೆ ಹೋಗುವ ದಿನ ಆ ಮಾತ್ರೆಯನ್ನೇ ಬಿಟ್ಟುಬಿಡುವ ಅಭ್ಯಾಸ ಕೆಲವರಲ್ಲಿದೆ. ಅದು ಅಪಾಯ, ಹೊತ್ತು ಬದಲಿಸಬೇಕಿದ್ದರೆ ವೈದ್ಯರನ್ನು ಕೇಳಿಯೇ ಬದಲಿಸಬೇಕು.

ಕಿವಿಯ ವಿಷಯ ಇನ್ನೂ ಸೂಕ್ಷ್ಮ. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೊದಲು ಕುಂದುವುದು ಕೀರಲು ದನಿಗಳು, ಅಂದರೆ ಸಕಾರ, ತಕಾರದಂಥ ವ್ಯಂಜನಗಳ ಸ್ಪಷ್ಟತೆ. ಸ್ವರಗಳು ಕೇಳಿಸುತ್ತಲೇ ಇರುವುದರಿಂದ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಒಬ್ಬರ ಜೊತೆ ಎದುರು ಕುಳಿತಾಗ ತೊಂದರೆ ಕಾಣದ ಅಜ್ಜಿ ಹತ್ತು ಜನ ಒಟ್ಟಿಗೆ ಮಾತಾಡುವ ಕಡೆ ಪೂರ್ತಿ ಕಳೆದುಹೋಗುತ್ತಾಳೆ, ತಪ್ಪು ಹೊತ್ತಿನಲ್ಲಿ ನಕ್ಕು ಪೇಚಿಗೆ ಸಿಕ್ಕಿಕೊಳ್ಳುತ್ತಾಳೆ, ಆಮೇಲೆ ಗಲಾಟೆ ತನಗಾಗದು ಎಂದು ಹೇಳಿ ಹೋಗುವುದನ್ನೇ ಬಿಡುತ್ತಾಳೆ. ಟಿವಿಯ ಸದ್ದು ಏರುತ್ತಿದ್ದರೆ, ಕೇಳಿದ ಪ್ರಶ್ನೆಗೂ ಬಂದ ಉತ್ತರಕ್ಕೂ ಹೊಂದಿಕೆ ತಪ್ಪುತ್ತಿದ್ದರೆ, ಜನರೊಡನೆ ಬೆರೆಯುವ ಸಲಹೆಗಿಂತ ಮೊದಲು ಶ್ರವಣ ಪರೀಕ್ಷೆ ಆಗಬೇಕು. ಭಜನೆಯಲ್ಲಿ ಒಂದು ಸೌಕರ್ಯವೇನೆಂದರೆ ಹಾಡು ಗೊತ್ತಿರುವುದೇ ಆದ್ದರಿಂದ ಪದಗಳನ್ನು ಹಿಡಿಯಬೇಕಾದ ಕಷ್ಟವಿಲ್ಲ. ಗೋಡೆಗೆ ಬೆನ್ನು ಮಾಡಿ, ಮೈಕಿನ ಪೆಟ್ಟಿಗೆಯಿಂದ ದೂರ, ಮುಖಗಳು ಕಾಣುವ ಹಾಗೆ ಕುಳಿತರೆ ಸಾಕಾಗುತ್ತದೆ.

ಇಷ್ಟು ವಿಚಾರಿಸಿಕೊಂಡ ಮೇಲೆ ಬರೆದ ಕಾಗದ ಚಿಕ್ಕದು, ಎರಡು ಪುಟ. ಹಳೆಯ ಕಾಗದಗಳು ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಆರಂಭವಾಗುತ್ತಿದ್ದವು. ಎರಡೂ ಕಡೆ ಕ್ಷೇಮವೆಂದು ಮೊದಲೇ ಒಪ್ಪಿಕೊಂಡು ಮುಂದಿನ ವಿಷಯಕ್ಕೆ ಹೋಗುವ ಆ ಒಕ್ಕಣೆಯನ್ನು ಮೊಮ್ಮಗಳು ಬಿಟ್ಟಿದ್ದಾಳೆ, ಏಕೆಂದರೆ ಒಂದು ಕಡೆಯ ಕ್ಷೇಮದ ಬಗ್ಗೆಯೇ ಈ ಕಾಗದ ಹುಟ್ಟಿರುವುದು. ಆರಂಭ ಸಲಹೆಯಿಂದಲೂ ಅಲ್ಲ, ಸಂತಾಪದಿಂದಲೂ ಅಲ್ಲ, ಒಂದು ಕೇಳಿಕೆಯಿಂದ: “ಅಮ್ಮಮ್ಮ, ಚಿಕ್ಕಮ್ಮನ ಮದುವೆಯಲ್ಲಿ ಎಣ್ಣೆ ಹಚ್ಚುವಾಗ ನೀನು ಹಾಡಿದ ಹಾಡಿನ ಮೊದಲ ಸಾಲು ಮಾತ್ರ ನೆನಪಿದೆ, ಉಳಿದದ್ದು ಅಮ್ಮನಿಗೂ ಬಾರದು.” ಮದುವೆಯ ಒಂದೊಂದು ಶಾಸ್ತ್ರಕ್ಕೆ ಒಂದೊಂದರಂತೆ ಹೆಂಗಸರು ಹಾಡುವ ಹಾಡುಗಳು ಮಲೆನಾಡಿನ ಅನೇಕ ಮನೆಗಳಲ್ಲಿ ಕೈಬರಹದ ಪುಸ್ತಕಗಳಲ್ಲಿ ಉಳಿದಿವೆ. ಶುಭಕಾರ್ಯದಲ್ಲಿ ಹಾಡುವವರು ಮುತ್ತೈದೆಯರಾಗಿರಬೇಕೆಂಬ ಕಟ್ಟಳೆಯಿರುವ ಕಡೆ, ಗಂಡ ಹೋದ ದಿನ ಹೆಂಡತಿಯ ಹಾಡೂ ನಿಲ್ಲುತ್ತದೆ, ಪುಸ್ತಕ ಟ್ರಂಕು ಸೇರುತ್ತದೆ. ಮಂಡಳಿಯ ಚಿಕ್ಕ ಪ್ರಾಯದವರಿಗೆ ಆ ಹಾಡುಗಳು ಬೇಕಾಗಿವೆ, ಧಾಟಿ ಗೊತ್ತಿಲ್ಲ. ಮದುವೆಯ ಮನೆಯಲ್ಲಿ ಹಾಡಲು ಅಡ್ಡಿಯಿದ್ದರೂ ಸಭಾಂಗಣದಲ್ಲಿ ಕಲಿಸಲು ಅಡ್ಡಿಯಿಲ್ಲ ಎಂಬುದನ್ನು ಮೊಮ್ಮಗಳು ಹಿಂದಿನ ಬೀದಿಯ ಹೆಂಗಸಿನಿಂದ ತಿಳಿದಿದ್ದಾಳೆ. ಹೀಗೆ ಅಜ್ಜಿ ಹೋಗುವುದು ಸಾಂತ್ವನ ಪಡೆಯಲಿಕ್ಕಲ್ಲ, ತನ್ನಲ್ಲಿರುವುದನ್ನು ಕೊಡಲಿಕ್ಕೆ. ಅಮೆರಿಕದ ಡೆಟ್ರಾಯಿಟ್ ಪ್ರದೇಶದ 423 ಹಿರಿಯ ದಂಪತಿಗಳನ್ನು ಐದು ವರ್ಷ ಹಿಂಬಾಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇತರರಿಗೆ ನೆರವಾಗುತ್ತಿದ್ದವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತೆಂದೂ ಕೇವಲ ನೆರವು ಪಡೆಯುವುದರಿಂದ ಅಂಥ ವ್ಯತ್ಯಾಸ ಕಾಣಲಿಲ್ಲವೆಂದೂ ಹೇಳಿತು. ಗಟ್ಟಿಮುಟ್ಟಾಗಿರುವವರೇ ಹೆಚ್ಚು ನೆರವಾಗಬಲ್ಲರೆಂಬ ಆಕ್ಷೇಪವನ್ನು ಆ ಅಧ್ಯಯನ ಲೆಕ್ಕಕ್ಕೆ ತೆಗೆದುಕೊಂಡಿದ್ದರೂ ಪೂರ್ತಿ ಅಳಿಸಲು ಇಂಥ ಅಧ್ಯಯನಗಳಿಗೆ ಸಾಧ್ಯವಿಲ್ಲ; ಆದರೂ ಕೊಡುವ ಕೈಯಾಗಿ ಹೋಗುವುದು ಅಜ್ಜಿಯ ಮರ್ಯಾದೆಗೆ ಒಗ್ಗುತ್ತದೆಂದು ತಿಳಿಯಲು ಅಧ್ಯಯನವೇನೂ ಬೇಕಾಗಿಲ್ಲ.

ಕಾಗದದ ನಡುಭಾಗದಲ್ಲಿ ಬಾಸ್ಟನ್ನಿನ ಆ ಕ್ರಮವೇ ಸಾಗರದ ಉಡುಗೆಯಲ್ಲಿ ಬರುತ್ತದೆ: “ದೀಪಾವಳಿ ಕಳೆದ ಮೇಲಿನ ಎರಡನೇ ಗುರುವಾರ ಹಿಂದಿನ ಬೀದಿಯ ಅತ್ತೆ ಮೂರೂ ಮುಕ್ಕಾಲಿಗೆ ಬಂದು ಕರೆಯುತ್ತಾರೆ. ಬೇಡವೆನಿಸಿದರೆ ಅವತ್ತು ಬೆಳಿಗ್ಗೆ ಅವರಿಗೊಂದು ಫೋನು ಮಾಡು, ಕಾರಣ ಹೇಳಬೇಕಾಗಿಲ್ಲ. ಕುರ್ಚಿ ಇದೆ, ಇನ್ನಿಬ್ಬರು ಕುರ್ಚಿಯಲ್ಲೇ ಕೂರುತ್ತಾರಂತೆ. ಪಕ್ಕದ ಕಲ್ಯಾಣ ಮಂಟಪದ ಶೌಚಾಲಯದಲ್ಲಿ ಕಮೋಡ್ ಇದೆ. ಕತ್ತಲಾಗುವ ಮೊದಲು ಮನೆಗೆ ಬಂದುಬಿಡಬಹುದು.” ಶೌಚಾಲಯದ ಮಾತನ್ನು ಅಜ್ಜಿಯ ತೊಂದರೆಯಾಗಿ ಎತ್ತದೆ ಜಾಗದ ವರ್ಣನೆಯಾಗಿ ಹೇಳಿರುವುದು ಉದ್ದೇಶಪೂರ್ವಕ, ಕೇಳದ ಪ್ರಶ್ನೆಗೆ ಉತ್ತರ ಸಿಕ್ಕಿತು, ಮಾನ ಉಳಿಯಿತು. ಕೇಳಿರುವುದು ಒಂದು ಗುರುವಾರವನ್ನು ಮಾತ್ರ, ಸದಸ್ಯತ್ವವನ್ನಲ್ಲ. ಜಾಗ ದೂರವಿದ್ದ ಪಕ್ಷದಲ್ಲಿ, 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಕರ್ನಾಟಕದ ಮಹಿಳೆಯರಿಗೆ ಟಿಕೆಟ್ಟಿನ ಖರ್ಚಿಲ್ಲವೆಂಬುದನ್ನು ಸೇರಿಸಬಹುದು, ಆದರೆ ಬಸ್ಸಿನ ಮೆಟ್ಟಿಲಿನ ಎತ್ತರ ಆ ಯೋಜನೆಯಿಂದ ಕಡಿಮೆಯಾಗಿಲ್ಲ.

ಕಾಗದದ ಕೊನೆಯಲ್ಲಿ ಅಜ್ಜನ ಮಾತು ಬರುತ್ತದೆ, ಅಲ್ಲಿ ಮೊಮ್ಮಗಳು ಎಚ್ಚರ ವಹಿಸಿದ್ದಾಳೆ. ಇಂಥ ಕಾಗದಗಳಲ್ಲಿ ಧಾರಾಳವಾಗಿ ಕಾಣುವ ‘ಅಜ್ಜನೂ ಇದನ್ನೇ ಬಯಸುತ್ತಿದ್ದರು’ ಎಂಬ ವಾಕ್ಯ ಬಲವಾದದ್ದೆಂದು ತೋರಿದರೂ ಅದರಷ್ಟು ಹುಸಿ ವಾಕ್ಯ ಇನ್ನೊಂದಿಲ್ಲ, ಏಕೆಂದರೆ ಆತ ಏನನ್ನು ಬಯಸುತ್ತಿದ್ದನೆಂದು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ, ಸತ್ತವನ ಬಾಯಲ್ಲಿ ಮಾತಿಟ್ಟು ಬದುಕಿರುವವಳನ್ನು ಒಪ್ಪಿಸುವುದು ನ್ಯಾಯವೂ ಅಲ್ಲ. ಬದಲಿಗೆ ಈ ಕಾಗದ ಹೇಳುವುದು ಇಷ್ಟೇ: “ಅಜ್ಜ ಇಲ್ಲದ ಜಾಗಕ್ಕೆ ಭಜನೆ ಬರುವುದಿಲ್ಲ, ಅದು ಗೊತ್ತು. ಅವರ ತಿಥಿಯ ವಾರ ಹೋಗಬೇಡ. ಮನಸ್ಸು ಭಾರವಾದ ಗುರುವಾರವೂ ಹೋಗಬೇಡ, ಆಮೇಲಿನ ಗುರುವಾರ ಇದ್ದೇ ಇರುತ್ತದೆ.” ನೆದರ್ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ಮಂಡಿಸಿದ ವಿವರಣೆಯೂ ಇದೇ ಜಾಡಿನದು. ದುಃಖದಿಂದ ಚೇತರಿಸಿಕೊಳ್ಳುವವರು ನೇರ ದಾರಿಯಲ್ಲಿ ಮುಂದೆ ಸಾಗುವುದಿಲ್ಲ. ಕಳೆದುಕೊಂಡದ್ದರ ಕಡೆಗೊಮ್ಮೆ, ಹೊಸದಾಗಿ ಕಟ್ಟಿಕೊಳ್ಳಬೇಕಾದ ದಿನಚರಿಯ ಕಡೆಗೊಮ್ಮೆ ಉಯ್ಯಾಲೆಯಂತೆ ಹೋಗಿಬರುತ್ತಾರೆ, ಆ ಓಲಾಟವೇ ಆರೋಗ್ಯದ ಲಕ್ಷಣ. ಎರಡು ವಾರ ಹೋದವಳು ಮೂರನೆಯ ವಾರ ಹೋಗದಿದ್ದರೆ ಪ್ರಯತ್ನ ಸೋತಿತೆಂದು ಮನೆಯವರು ಕೈಚೆಲ್ಲುವುದು ಈ ಓಲಾಟವನ್ನು ತಿಳಿಯದೆಯೇ.

ಉತ್ತರವಾಗಿ ಬರುವ ಪೋಸ್ಟ್ ಕಾರ್ಡಿನಲ್ಲಿ ಅಥವಾ ಫೋನಿನಲ್ಲಿ ಹೆಚ್ಚಾಗಿ ಸಿಗುವ ಪದ ‘ನೋಡೋಣ’. ಕನ್ನಡದಲ್ಲಿ ಇದು ಹೂಂ ಕೂಡ ಅಲ್ಲ, ಊಹೂಂ ಕೂಡ ಅಲ್ಲ. ಅದರ ಅರ್ಥ ಅದರ ನಂತರ ಬರುವುದರಲ್ಲಿದೆ. ನೋಡೋಣ ಎಂದ ಮೇಲೆ ಮಾತು ಬೇರೆ ಕಡೆ ತಿರುಗಿದರೆ ಅದು ಸೌಮ್ಯವಾದ ನಿರಾಕರಣೆ, ಆಗ ಒತ್ತಾಯಿಸದೆ ಬೇರೊಂದು ಕೂಟವನ್ನೋ ಬೇರೊಂದು ಹೊತ್ತನ್ನೋ ಹುಡುಕಬೇಕು. ನೋಡೋಣ ಎಂದು, ಐದೂವರೆಗೆ ಮುಗಿಯುವುದು ಖಂಡಿತವೇ ಎಂದೋ ಹಾಡಿನ ಪುಸ್ತಕದ ಕೊನೆಯ ಪುಟಗಳನ್ನು ಹುಳ ತಿಂದಿದೆ ಎಂದೋ ಸೇರಿಸಿದರೆ ಆಕೆ ಆಗಲೇ ಅರ್ಧ ದಾರಿಗೆ ಬಂದಾಗಿದೆ. ಹೋಗಿಬಂದ ಮೇಲೆ ‘ಹೇಗಿತ್ತು, ಖುಷಿಯಾಯಿತೇ’ ಎಂದು ಕೇಳುವುದು ಮತ್ತೆ ಪರೀಕ್ಷೆಯೇ. ಯಾವ ಹಾಡು ಹಾಡಿದಿರಿ, ಯಾರು ತಾಳ ತಪ್ಪಿದರು ಎಂದು ಕೇಳಿದರೆ ಉತ್ತರ ತಾನಾಗಿ ಉದ್ದವಾಗುತ್ತದೆ. ಕೇಳದೆಯೇ ಒಂದು ಹೊಸ ಹೆಸರು ಮಾತಿನಲ್ಲಿ ಬಂದರೆ, ಅದರಲ್ಲಿಯೂ ದೂರಿನ ರೂಪದಲ್ಲಿ ಬಂದರೆ, ಬಳಗ ಚಿಗುರಿದೆಯೆಂದು ಧೈರ್ಯವಾಗಿ ತಿಳಿಯಬಹುದು.

ಕಾಗದದ ಮಿತಿಯೂ ಸ್ಪಷ್ಟವಿರಬೇಕು. ಊಟ ಸೇರದೆ ಮೈ ಇಳಿಯುತ್ತಿದ್ದರೆ, ನಸುಕಿನಲ್ಲಿಯೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದೆ ವಾರಗಟ್ಟಲೆ ನಡೆದರೆ, ಮೊದಲು ಇಷ್ಟಪಡುತ್ತಿದ್ದ ಯಾವುದೂ ಬೇಡವಾಗಿದ್ದರೆ, ಇದ್ದು ಏನು ಪ್ರಯೋಜನ ಎಂಬ ಮಾತು ಬಾಯಿಂದ ಬಂದರೆ ಅದು ಒಂಟಿತನವನ್ನು ದಾಟಿ ಖಿನ್ನತೆಯಾಗಿರಬಹುದು. ಖಿನ್ನತೆ ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ, ಭಜನಾ ಮಂಡಳಿ ಅದರ ಔಷಧಿಯಲ್ಲ. ಅಂಥ ಹೊತ್ತಿನಲ್ಲಿ ಕಾಗದವನ್ನು ಪಕ್ಕಕ್ಕಿಟ್ಟು ಬಸ್ಸು ಹತ್ತಬೇಕು, ಹತ್ತಿರದ ವೈದ್ಯರ ಬಳಿ ಕರೆದುಕೊಂಡು ಹೋಗಬೇಕು. ಅಲ್ಲಿಯವರೆಗೆ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಹಿರಿಯ ನಾಗರಿಕರ ಇತರ ತೊಂದರೆಗಳಿಗೆ 14567 ಇದೆ. ಈ ಎರಡು ಸಂಖ್ಯೆಗಳನ್ನು ಅಜ್ಜಿಯ ಕಾಗದದಲ್ಲಿ ಬರೆಯದೆ ಹಿಂದಿನ ಬೀದಿಯ ಹೆಂಗಸಿಗೆ ಕೊಟ್ಟಿರುವುದು ಲೇಸು.

ಮಲೆನಾಡಿನ ಅಂಚೆ ಕೆಲವೊಮ್ಮೆ ನಾಲ್ಕೈದು ದಿನ ತೆಗೆದುಕೊಳ್ಳುತ್ತದೆ, ಓದಿ ಗೂಡಿನಲ್ಲಿಟ್ಟು ಮತ್ತೆ ತೆಗೆದು ಓದಲು ಇನ್ನೊಂದು ವಾರವಾದರೂ ಬೇಕು. ದೀಪಾವಳಿಯ ನಂತರದ ಎರಡನೇ ಗುರುವಾರಕ್ಕೆ ಕರೆಯುವ ಕಾಗದವನ್ನು ದೀಪಾವಳಿಗೆ ಮೊದಲೇ ಡಬ್ಬಿಗೆ ಹಾಕಬೇಕು.